ಒಂದೇ ಮೆನುವಿನಲ್ಲಿ ಎರಡು ‘ಅಳಿಸಿ’

ನಮ್ಮ ಫೋಟೋ ಆ್ಯಪ್‌ನ ಕನ್ನಡ ಮೆನುವಿನಲ್ಲಿ ‘ಅಳಿಸಿ’ ಎಂಬುದು ಎರಡು ಸಲ ಇತ್ತು. ಒಂದನ್ನು ಒತ್ತಿದರೆ ಫೋಟೋ ಆಲ್ಬಮ್‌ನಿಂದ ಹೊರಗೆ ಬರುತ್ತಿತ್ತು, ಅಷ್ಟೇ. ಇನ್ನೊಂದನ್ನು ಒತ್ತಿದರೆ ಫೋಟೋನೇ ಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಒಂದು ರಿಮೂವ್, ಇನ್ನೊಂದು ಡಿಲೀಟ್. ಅನುವಾದ ಮಾಡಿದವನು ನಾನೇ. ಸ್ಕ್ರೀನ್ ನೋಡದೆ ಬರೀ ಸಾಲುಗಳ ಪಟ್ಟಿ ಇಟ್ಟುಕೊಂಡು ಮಾಡಿದ್ದೆ. ಸಹಾಯ ಪುಟಗಳನ್ನು ತಿದ್ದಿದ ಸಂಪಾದಕರು ಎರಡಕ್ಕೂ ‘ತೆಗೆದುಹಾಕಿ’ ಎಂದು ಬರೆದಿದ್ದರು!

ಆಮೇಲೆ ಪದಪಟ್ಟಿ ಮಾಡಲು ಕೂತೆವು. ಮೊದಲು ಎರಡೇ ಕಾಲಂ ಇಟ್ಟೆವು: ಇಂಗ್ಲಿಷ್ ಪದ, ಕನ್ನಡ ಪದ. ‘ಕೀ’ ಬಂದಾಗಲೇ ಅದು ಕೆಟ್ಟಿತು. ಕೀಬೋರ್ಡಿನ ಕೀನೋ, ಡೇಟಾಬೇಸಿನ ಕೀನೋ? ಹಾಗಾಗಿ ಪದಕ್ಕೊಂದು ಸಾಲು ಬಿಟ್ಟು, ಅರ್ಥಕ್ಕೊಂದು ಸಾಲು ಮಾಡಿದೆವು. ಎಂಜಿನಿಯರ್ ಕೆಲಸ ಕನ್ನಡ ಪದ ಹುಡುಕುವುದಲ್ಲ. ಆ ಗುಂಡಿ ಒತ್ತಿದರೆ ಏನಾಗುತ್ತದೆ ಅಂತ ಒಂದು ವಾಕ್ಯ ಬರೆಯುವುದು. ಹಾಗೆ ಬರೆಯುವಾಗಲೇ ಗೊತ್ತಾಯಿತು, ನಿಜವಾಗಿ ಡಿಲೀಟ್ ಆಗುವ ಮೂರು ಕಡೆ ಅವರು ಇಂಗ್ಲಿಷಿನಲ್ಲೇ ರಿಮೂವ್ ಎಂದು ಬರೆದಿದ್ದರು. ಮೊದಲು ಅದನ್ನು ತಿದ್ದಿಸಿದೆವು.

ಪದ ಸೂಚಿಸುವುದು ನನ್ನ ಪಾಲು. ಸಂಪಾದಕರು ಅದನ್ನು ಗುಂಡಿಯ ಮೇಲೆ, ಎಚ್ಚರಿಕೆಯ ಸಾಲಿನಲ್ಲಿ, ಸಹಾಯ ಪುಟದ ವಾಕ್ಯದಲ್ಲಿ ಹಾಕಿ ಓದುತ್ತಾರೆ. ಮೂರರಲ್ಲೂ ಕೂತರೆ ಮಾತ್ರ ಪಾಸ್. ಬೇಡ ಎಂದ ಪದವನ್ನೂ ಕಾರಣದ ಜೊತೆ ಬರೆದಿಡುತ್ತೇವೆ. ಇಲ್ಲದಿದ್ದರೆ ಆರು ತಿಂಗಳಿಗೆ ಅದೇ ಜಗಳ ಮತ್ತೆ ಶುರು. (‘ಅಳಿಸು’ ಅಂದರೆ ಮಗುವನ್ನು ಅಳುವಂತೆ ಮಾಡುವುದೂ ಹೌದಲ್ವಾ ಎಂದು ಒಬ್ಬರು ತಕರಾರು ತೆಗೆದಿದ್ದರು. ಫೋಟೋ ಅಳುವುದಿಲ್ಲ ಎಂದು ಬರೆದು ಮುಗಿಸಿದೆವು.)

ಪಟ್ಟಿಯಲ್ಲಿ ಒಂದು ಅರ್ಥ ಹೀಗಿರುತ್ತದೆ. `ban` ಎಂದರೆ ಅಲ್ಲಿ ಬೇಡ ಎಂದ ಪದ:

```
id:   album.remove
kn:   ತೆಗೆದುಹಾಕು
stem: ತೆಗೆದುಹಾಕ
ban:  ಅಳಿಸ
```

`stem` ಸಾಲು, ಅಂದರೆ ಪದದ ಬುಡ, ಸುಮ್ನೆ ಇಟ್ಟಿದ್ದಲ್ಲ. ಅನುವಾದದಲ್ಲಿ ಒಪ್ಪಿದ ಪದವೇ ಇದೆಯಾ ಎಂದು ಒಂದು ಸ್ಕ್ರಿಪ್ಟ್ ತಪಾಸಣೆ ಮಾಡುತ್ತದೆ. ಅದರ ಮೊದಲ ರೂಪ ಪೂರ್ತಿ ಪದವನ್ನೇ ಹುಡುಕುತ್ತಿತ್ತು. ಕನ್ನಡದಲ್ಲಿ ಪದ ಇದ್ದಂತೆ ಇರುವುದೇ ಕಡಿಮೆ. ‘ಅಳಿಸಿ’, ‘ಅಳಿಸುವ’, ‘ಅಳಿಸಲಾಗಿದೆ’ ಎಲ್ಲವೂ ಸರಿ ಇದ್ದರೂ ತಪ್ಪು ಎನ್ನುತ್ತಿತ್ತು. ಯುನಿಕೋಡಿನಲ್ಲಿ ವ್ಯಂಜನ ಬೇರೆ, ಅದಕ್ಕೆ ಸೇರುವ ಸ್ವರಚಿಹ್ನೆ ಬೇರೆ. ಹಾಗಾಗಿ ‘ಅಳಿಸ’ ಎಂದು ಹುಡುಕಿದರೆ ಮೂರೂ ಸಿಗುತ್ತವೆ. ಕೆಲವಕ್ಕೆ ಬುಡವನ್ನು ಇನ್ನೂ ಮೊಟಕು ಮಾಡಬೇಕು. ‘ಹಂಚಿಕೊಳ್ಳಿ’ ಮತ್ತು ‘ಹಂಚಿಕೊಂಡಿದ್ದಾರೆ’ ಎರಡೂ ಸಿಗಬೇಕಾದರೆ ‘ಹಂಚಿಕೊ’ ಅಷ್ಟೇ ಇಡಬೇಕು.

ಬುಡ ಚಿಕ್ಕದಾದರೆ ಇನ್ನೊಂದು ತಾಪತ್ರಯ. ‘ಪೇಜಿನ ಪುಟ್ಟ ಚಿತ್ರ’ ಎಂಬ ಸಾಲು ತಪಾಸಣೆಯಲ್ಲಿ ಆರಾಮಾಗಿ ಪಾಸಾಯಿತು. ನಾವು ಒಪ್ಪಿದ ‘ಪುಟ’ ಅದರಲ್ಲಿ ಎಲ್ಲೂ ಇಲ್ಲ, ಆದರೆ ‘ಪುಟ್ಟ’ದೊಳಗೆ ಆ ಮೂರು ಅಕ್ಷರಸಂಕೇತಗಳು ಅದೇ ಕ್ರಮದಲ್ಲಿವೆ. ಈಗ ಹೆಸರುಪದಗಳ ಬುಡದ ಪಕ್ಕದಲ್ಲೇ ಹಲಂತ ಬಂದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಸ್ಕ್ರಿಪ್ಟಿಗೆ ಹೇಳಿದ್ದೇವೆ. ‘ಪುಟಕ್ಕೆ’, ‘ಪುಟಗಳು’ ಪಾಸಾಗುತ್ತವೆ, ‘ಪುಟ್ಟ’ ಆಗುವುದಿಲ್ಲ.