ತೊಗರಿ ಫೋಟೋ ಬಂತು, ಮಾತಿಲ್ಲ

ಕಲಬುರಗಿಯಲ್ಲಿ ನಂದು ಬೀಜ, ಗೊಬ್ಬರ, ಔಷಧಿ ಅಂಗಡಿ. ವಾಟ್ಸಾಪಿಗೆ ಬರುವ ಫೋಟೋಗಳ ಜೊತೆ ಎಷ್ಟೋ ಸಲ ಒಂದಕ್ಷರವೂ ಇರುವುದಿಲ್ಲ. ಹೊಲದಲ್ಲಿ ನಿಂತವರಿಗೆ ಟೈಪ್ ಮಾಡುವ ಪುರಸೊತ್ತೆಲ್ಲಿ? ಯಾಕೆ ಕಳಿಸಿದ್ದಾರೆ ಅನ್ನುವುದನ್ನು ನಾನು ಮೊದಲು ತಿಂಗಳಿನಿಂದ ಊಹಿಸುತ್ತೇನೆ. ಜೂನ್‌ನಲ್ಲಿ ಬೀಜದ ಪ್ಯಾಕೆಟ್ ಬಂದರೆ ‘ಈ ತಳಿ ಅದ ಏನ್ರೀ’ ಅಂತ. ಜನವರಿಯಲ್ಲಿ ರಾಶಿಯ ಫೋಟೋ ಬಂದರೆ ದರ ಕೇಳಿದಂತೆ. ಹೂ ಬಿಡುವ ಹೊತ್ತಿನಲ್ಲಿ ಬರುವ ಗಿಡದ ಫೋಟೋ ಮಾತ್ರ ಕಷ್ಟ.

ಚಿಂಚೋಳಿ ಕಡೆಯ ರೈತರೊಬ್ಬರು ಬಾಡಿದ ತೊಗರಿಯ ಫೋಟೋ ಕಳಿಸಿದ್ದರು. ಕೆಳಗೆ 🙏, ಅಷ್ಟೇ. ಆ ಕೈ ನಮಸ್ಕಾರವೂ ಆಗಬಹುದು, ‘ಏನಾದ್ರೂ ಮಾಡ್ರಿ’ ಅನ್ನುವ ಬೇಡಿಕೆಯೂ ಆಗಬಹುದು. ಫೋಟೋ ಮೇಲೆ ಫಾರ್ವರ್ಡ್ ಆದ ಗುರುತಿರಲಿಲ್ಲ. ಆದರೂ ಹೊಲ ಅವರದೇ ಅಂತ ಅದರಿಂದ ಖಾತ್ರಿಯಾಗುವುದಿಲ್ಲ.

ಇಂಥವರಿಗೆ ನಾನು ದನಿಯಲ್ಲೇ ಉತ್ತರ ಕಳಿಸುತ್ತೇನೆ. ಕಂಡದ್ದನ್ನು ಮೊದಲು ಹೇಳಿ, ಆಮೇಲೆ ಹೌದು-ಇಲ್ಲದಲ್ಲಿ ಮುಗಿಯುವ ಒಂದು ಪ್ರಶ್ನೆ ಕೇಳುತ್ತೇನೆ: ‘ಕಾಕಾ, ಫೋಟೋ ಬಂತು. ತೊಗರಿ ಬಾಡಿದ್ದು ಕಾಣ್ಲಿಕ್ಕತ್ತದ. ಇದು ನಿಮ್ಮ ಹೊಲದ್ದೇ ಏನ್ರೀ?’ ಔಷಧಿಯ ಹೆಸರು ಆಗ ಹೇಳುವುದಿಲ್ಲ. ಹೇಳಿದರೆ ವ್ಯಾಪಾರವೇನೋ ಆಗುತ್ತದೆ. ಆದರೆ ತಗ್ಗಿನಲ್ಲಿ ನೀರು ನಿಂತರೂ ತೊಗರಿ ಬಾಡುತ್ತದೆ, ನೆಟೆ ರೋಗಕ್ಕೂ ಬಾಡುತ್ತದೆ. ದೂರದಿಂದ ತೆಗೆದ ಫೋಟೋದಲ್ಲಿ ಎರಡೂ ಒಂದೇ ಥರ.

‘ಹೌದ್ರಿ’ ಅಂತ ಅವರ ದನಿ ಬಂತು. ಎರಡನೆಯ ಪ್ರಶ್ನೆಗೆ ಉತ್ತರವನ್ನೂ ಫೋಟೋದಲ್ಲೇ ಕೇಳಿದೆ, ಅವರಿಗೆ ಸುಲಭವಾದದ್ದು ಅದೇ ತಾನೆ: ‘ಬಾಡ್ಲಿಕ್ಕತ್ತಿದ ಗಿಡ ಒಂದು ಕಿತ್ರಿ. ಬುಡದ ಕಾಂಡ ಉದ್ದಕ್ಕ ಸೀಳ್ರಿ, ಒಳಗಿಂದು ಸನೇಕ ಹಿಡಿದು ತೆಗದು ಕಳಸ್ರಿ. ಹೊಲಾ ಪೂರಾ ಕಾಣೋ ಹಂಗ ಇನ್ನೊಂದು.’ ಪೂರ್ತಿ ಒಣಗಿದ ಗಿಡ ಸೀಳಿದರೆ ಏನೂ ತಿಳಿಯುವುದಿಲ್ಲ.

ಸೀಳಿದ ಕಾಂಡದೊಳಗೆ ಕಂದುಗಪ್ಪು ಗೆರೆ ಮೇಲಕ್ಕೆ ಏರಿತ್ತು. ಹೊಲದಲ್ಲಿ ಗಿಡಗಳು ಅಲ್ಲೊಂದು ಇಲ್ಲೊಂದು ಗುಂಪಾಗಿ ಬಾಡಿದ್ದವು, ನೀರು ನಿಂತ ಕುರುಹಿಲ್ಲ. ನೆಟೆ ರೋಗವೇ ಸರಿ. ಇದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಬೇರಿನಿಂದ ಒಳಹೊಗುತ್ತದೆ. ಎಲೆಗೆ ಏನು ಹೊಡೆದರೂ ಬಾಡಿದ ಗಿಡ ಏಳುವುದಿಲ್ಲ. ಅದನ್ನೇ ಹೇಳಿದೆ: ಬಾಡಿದ್ದನ್ನು ಕಿತ್ತು ಸುಡಿ, ಮುಂದಿನ ವರ್ಷ ಆ ಹೊಲಕ್ಕೆ ಜೋಳ ಹಾಕಿ, ಮತ್ತೆ ತೊಗರಿ ಹಾಕುವಾಗ ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿ ನೋಡಿ.

ಉತ್ತರವಾಗಿ 👍 ಬಂತು. ಕೇಳಿಸಿಕೊಂಡೆ ಅಂತಲೋ, ಮಾಡುತ್ತೇನೆ ಅಂತಲೋ? ‘ಕಿತ್ತ ಮ್ಯಾಲ ಆ ಗುಂಪಿಂದು ಒಂದು ಫೋಟೋ ಹಾಕ್ರಿ ಕಾಕಾ’ ಅಂದೆ. ಮರುದಿನ ಸಂಜೆ ಬದುವಿನ ಮೇಲೆ ಒಟ್ಟಿದ ಗಿಡಗಳ ಫೋಟೋ ಬಂತು. ಅದರ ಜೊತೆಗೂ ಮಾತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.