ಬೋನಸ್ ಬಂದ ವರ್ಷದ ತೆರಿಗೆಯನ್ನು ನಾನು ಲೆಕ್ಕ ಹಾಕಿದ ಬಗೆ

ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ನನ್ನ ವಾರ್ಷಿಕ ಸಂಬಳ 15,75,000 ರೂಪಾಯಿ. 2025ರ ಅಕ್ಟೋಬರ್ ಸಂಬಳದ ಜೊತೆಗೆ 3 ಲಕ್ಷ ರೂಪಾಯಿಯ ಬೋನಸ್, ಆ ವರ್ಷಕ್ಕೆ ಮಾತ್ರ ಎಂಬಂತೆ, ನನಗೆ ಮಂಜೂರಾಯಿತು. ಸ್ಲ್ಯಾಬ್ ಮೇಲೇರಿದರೆ ಇಡೀ ಸಂಬಳಕ್ಕೇ ಶೇ. 20 ತೆರಿಗೆ ಬೀಳುತ್ತದೆ, ಆದ್ದರಿಂದ ಬೋನಸ್ಸಿನಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂದು ಹೇಳುವವರು ನಮ್ಮ ವಿಭಾಗದಲ್ಲಿಯೂ ಇದ್ದರು. ಹಣ ಕೈಗೆ ಬರುವ ಮೊದಲೇ ನಾನು ಲೆಕ್ಕವನ್ನು ಎರಡು ಸಲ ಮಾಡಿದೆ, ಮೊದಲು ಬೋನಸ್ ಇಲ್ಲದೆ, ಆಮೇಲೆ ಬೋನಸ್ ಸೇರಿಸಿ.

ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಹಣಕಾಸು ವರ್ಷಕ್ಕೆ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೆ ಒಂದೊಂದು ಸ್ಲ್ಯಾಬ್, ದರ ಕ್ರಮವಾಗಿ ಶೇ. 5, 10, 15, 20, 25. 24 ಲಕ್ಷ ದಾಟಿದ ಭಾಗಕ್ಕೆ ಶೇ. 30. ಸಂಬಳದಾರರಿಗೆ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ನನ್ನ ತೆರಿಗೆಗೊಳಪಡುವ ಆದಾಯ ಸರಿಯಾಗಿ 15 ಲಕ್ಷ. ಅದಕ್ಕೆ ತೆರಿಗೆ 1,05,000, ಶೇ. 4ರ ಸೆಸ್ ಸೇರಿ 1,09,200 ರೂಪಾಯಿ, ಅಂದರೆ ತಿಂಗಳಿಗೆ 9,100ರಂತೆ ಸಂಬಳದಲ್ಲೇ ಹಿಡಿಯುವ ಟಿಡಿಎಸ್.

ಬೋನಸ್ ಸೇರಿದಾಗ ಆದಾಯ 18 ಲಕ್ಷವಾಯಿತು. ಮೊದಲಿನ 15 ಲಕ್ಷದ ಮೇಲಿನ ತೆರಿಗೆ ಒಂದು ರೂಪಾಯಿಯೂ ಬದಲಾಗಲಿಲ್ಲ. ಬೋನಸ್ಸಿನ ಮೊದಲ 1 ಲಕ್ಷ ನಾನಿದ್ದ ಶೇ. 15ರ ಸ್ಲ್ಯಾಬಿನಲ್ಲಿ ಉಳಿದಿದ್ದ ಜಾಗವನ್ನು ತುಂಬಿತು. 16 ಲಕ್ಷದ ಗಡಿ ದಾಟಿದ 2 ಲಕ್ಷಕ್ಕೆ ಮಾತ್ರ ಶೇ. 20 ತಗುಲಿತು. ಹೀಗೆ 15,000 ಮತ್ತು 40,000, ಅದರ ಮೇಲೆ 2,200 ಸೆಸ್, ಒಟ್ಟು 57,200 ರೂಪಾಯಿ ಹೆಚ್ಚುವರಿ ತೆರಿಗೆ ಕಳೆದು 2,42,800 ರೂಪಾಯಿ ನನ್ನದಾಗಿಯೇ ಉಳಿಯಿತು. ಆದಾಯದ ಕೊನೆಯ ರೂಪಾಯಿಗೆ ಬೀಳುವ ಸೀಮಾಂತ ದರ ಸೆಸ್ ಬಿಟ್ಟು ಶೇ. 15ರಿಂದ 20ಕ್ಕೆ ಏರಿದ್ದು ನಿಜ. ಆದರೆ ಇಡೀ ಸಂಬಳದ ಮೇಲೆ ಕಟ್ಟಿದ ತೆರಿಗೆಯ ಸರಾಸರಿ ದರ ಏರಿದ್ದು ಸುಮಾರು ಶೇ. 6.9ರಿಂದ 8.9ಕ್ಕೆ ಮಾತ್ರ. ಬೋನಸ್ಸಿನಲ್ಲಿ ಕೈಗೆಷ್ಟು ಎಂದು ತಿಳಿಯಬೇಕಾದರೆ ಸೀಮಾಂತ ದರವನ್ನೇ ನೋಡಬೇಕು. ಸರಾಸರಿ ದರದಿಂದ ಗುಣಿಸಿದವರಿಗೆ ಪೇಸ್ಲಿಪ್ ನೋಡಿದಾಗ ನಿರಾಸೆ ಖಂಡಿತ.

ಆ ತಿಂಗಳ ಪೇಸ್ಲಿಪ್ಪಿನಲ್ಲಿ ಟಿಡಿಎಸ್ 66,300 ಎಂದಿತ್ತು. ಎಂದಿನ 9,100ಕ್ಕೆ ಬೋನಸ್ಸಿನ 57,200ನ್ನೂ ಒಂದೇ ಸಲ ಸೇರಿಸಿ ಹಿಡಿದಿದ್ದರು. ಕೆಲವು ಕಂಪನಿಗಳು ಅದನ್ನು ಮಾರ್ಚ್‌ವರೆಗಿನ ತಿಂಗಳುಗಳಿಗೆ ಹಂಚುತ್ತವೆ. ವರ್ಷದ ಒಟ್ಟು ತೆರಿಗೆ ಎರಡರಲ್ಲೂ ಒಂದೇ. ಪರೀಕ್ಷಿಸಬೇಕಾದದ್ದು ಬೇರೆಯದು. ಬೋನಸ್ಸನ್ನು ಪ್ರತಿ ತಿಂಗಳ ಗಳಿಕೆಯೆಂದು ನಮೂದಿಸಿದರೆ ಸಂಬಳದ ಸಾಫ್ಟ್‌ವೇರ್ ಉಳಿದ ತಿಂಗಳುಗಳಿಗೂ ಅದನ್ನೇ ಎಣಿಸಿ ತೆರಿಗೆಯನ್ನು ಉಬ್ಬಿಸುತ್ತದೆ. ಆದ್ದರಿಂದ ನಾನು ತೆರಿಗೆ ಲೆಕ್ಕದ ಹಾಳೆಯಲ್ಲಿ ವರ್ಷದ ಅಂದಾಜು ಸಂಬಳ 18,75,000 ಎಂದೇ ಇದೆಯೇ ಎಂದು ಮೊದಲು ನೋಡಿದೆ, ಸರಿಯಾಗಿತ್ತು. ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ತಿಂಗಳೇ ಸರಿಪಡಿಸಿಕೊಳ್ಳಬಹುದು, ಇಲ್ಲವಾದರೆ ರಿಟರ್ನ್ ಸಲ್ಲಿಸಿ ರೀಫಂಡಿಗೆ ಕಾಯಬೇಕು.

ಇಷ್ಟಾದರೂ ಬೋನಸ್ಸಿನಿಂದ ನಷ್ಟ ಎಂಬ ಮಾತು ಒಂದು ಜಾಗದಲ್ಲಿ ಅಕ್ಷರಶಃ ಸತ್ಯ, ಮತ್ತು ನಮ್ಮ ಸಹೋದ್ಯೋಗಿಯೊಬ್ಬರು ಅಲ್ಲಿಯೇ ನಿಂತಿದ್ದರು. ಅವರ ಸಂಬಳ 12,75,000, ತೆರಿಗೆಗೊಳಪಡುವ ಆದಾಯ 12 ಲಕ್ಷ. ಅದಕ್ಕೆ ಬರುವ 60,000 ತೆರಿಗೆ, 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ಸೆಕ್ಷನ್ 87ಎ ರಿಬೇಟಿನಿಂದ ಪೂರ್ತಿ ಮನ್ನಾ. ಅವರಿಗೆ 50,000 ಬೋನಸ್ ಎಂದಾಗ ರಿಬೇಟ್ ತಪ್ಪಿ ತೆರಿಗೆ 67,500 ಆಗುತ್ತದೆ. 12 ಲಕ್ಷಕ್ಕಿಂತ ಹೆಚ್ಚಾದ ಆದಾಯವನ್ನು ತೆರಿಗೆ ಮೀರಬಾರದು ಎಂಬ ಮಾರ್ಜಿನಲ್ ರಿಲೀಫ್ ಅದನ್ನು 50,000ಕ್ಕೆ ಇಳಿಸುತ್ತದೆ, ಆದರೆ ಸೆಸ್ ಲೆಕ್ಕವಾಗುವುದು ಅದಾದ ಮೇಲೆ. 50,000 ಬೋನಸ್ಸಿಗೆ 52,000 ತೆರಿಗೆ! ಹೆಚ್ಚುವರಿ ಆದಾಯ ಸುಮಾರು 70,600 ಮುಟ್ಟುವವರೆಗೆ ಈ ವ್ಯಾಪ್ತಿಯಲ್ಲಿ ಸೀಮಾಂತ ದರ ಶೇ. 104, ಅಲ್ಲಿಂದ ಮುಂದೆ ಅದು ಮತ್ತೆ ಶೇ. 15ಕ್ಕೆ ಮತ್ತು ಸೆಸ್ಸಿಗೆ ಇಳಿಯುತ್ತದೆ.

ಅವರಿಗೆ ನಾನು ಸೂಚಿಸಿದ್ದು ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಯ ದಾರಿಯನ್ನು. ಹೊಸ ಪದ್ಧತಿಯಲ್ಲಿ ನೌಕರ ತಾನೇ ಕಟ್ಟುವ ಎನ್‌ಪಿಎಸ್ ಹಣಕ್ಕೆ ವಿನಾಯಿತಿ ಇಲ್ಲ, ಆದರೆ ಮಾಲೀಕರು ಕಟ್ಟುವ ವಂತಿಗೆಗೆ ಮೂಲ ವೇತನದ ಶೇ. 14ರವರೆಗೆ ಇದೆ. ಅವರ ಮೂಲ ವೇತನ 6 ಲಕ್ಷವಾದ್ದರಿಂದ ಮಿತಿ 84,000. ಬೋನಸ್ ಮಂಜೂರಾತಿಯ ಆದೇಶ ಹೊರಡುವ ಮೊದಲೇ ಒಪ್ಪಿಗೆ ಪಡೆದು 50,000ವನ್ನೂ ಕಂಪನಿಯ ವಂತಿಗೆಯಾಗಿ ಅವರ ಖಾತೆಗೆ ಕಟ್ಟಿಸಿದೆವು. ಆದಾಯ 12 ಲಕ್ಷದಲ್ಲಿಯೇ ನಿಂತು ತೆರಿಗೆ ಸೊನ್ನೆಯಾಯಿತು. ಆ ಹಣದ ಬಹುಪಾಲು ನಿವೃತ್ತಿಯವರೆಗೆ ಕೈಗೆ ಸಿಗದು ಎಂಬುದನ್ನು ಮೊದಲೇ ಹೇಳಿದ್ದೆ, ಅವರು ಯೋಚಿಸಿಯೇ ಒಪ್ಪಿದರು.