ಕ್ಲಿಕ್ 240, ಮಾರಾಟ 6: ಸೋರಿಕೆ ಎಲ್ಲಿ?

ಪ್ರಶ್ನೆ: ಸರ್, ಪ್ರಾಜೆಕ್ಟಿಗೆ ಬಳ್ಳಾರಿಯ ಒಂದು ಜೀನ್ಸ್ ಅಂಗಡಿಯ ಫೇಸ್‌ಬುಕ್ ಜಾಹೀರಾತು ತಗೊಂಡೀನಿ. ಇಂಪ್ರೆಶನ್ 12,000, ರೀಚ್ 4,000, ಕ್ಲಿಕ್ 240, ಮಾರಾಟ 6. ಜಾಹೀರಾತು ಸೋತಂಗೇನ್ರಿ?

ಉತ್ತರ: ಈಗಲೇ ಹೇಳಕ್ಕಾಗಲ್ಲ. ಬೆಂಗಳೂರು ರೋಡಿನಾಗ ಒಬ್ಬರೇ ಅಂಗಡಿ ಬೋರ್ಡನ್ನ ಮೂರು ಸಲ ನೋಡಿದ್ರೆ ಇಂಪ್ರೆಶನ್ ಮೂರು, ರೀಚ್ ಒಂದೇ. ನಿಮ್ಮ ಲೆಕ್ಕದಾಗೂ 12,000 ÷ 4,000, ಅಂದ್ರ ತಲಾ ಸರಾಸರಿ ಮೂರು ಸಲ. ನೋಡೋದರಿಂದ ಕೊಳ್ಳೋವರೆಗಿನ ದಾರಿಗೆ ಫನೆಲ್ ಅಂತಾರ; ಇದು ಅದರ ಮೇಲಿನ ಹಂತ, ಪರಿಚಯ ಅಷ್ಟೇ.

ಆ 240 ಯಾವ ಕ್ಲಿಕ್ ಅಂತ ಮೊದಲು ನೋಡ್ರಿ. ಫೇಸ್‌ಬುಕ್ ಜಾಹೀರಾತು ವರದಿಯ Clicks (all) ಕಾಲಂನಾಗ ಲೈಕ್ ಒತ್ತಿದ್ದು, ಫೋಟೊ ದೊಡ್ಡದು ಮಾಡಿದ್ದೂ ಸೇರತಾವ. ನಿಮಗೆ ಬೇಕಾದ್ದು Link clicks. ಅದು 120 ಇತ್ತು ಅನ್ಕೊಳ್ರಿ: ಇಂಪ್ರೆಶನ್‌ಗೆ ಭಾಗಿಸಿದ್ರ ಶೇ. 1. ವಿದ್ಯಾರ್ಥಿಗಳು ಹೆಚ್ಚಾಗಿ ಎಡವೋದು ಇಲ್ಲೇ.

ಆಮೇಲೆ ಆ ಲಿಂಕಿನಿಂದ ಅಂಗಡಿ ವಾಟ್ಸಾಪಿಗೆ ಬಂದ ಮೆಸೇಜ್ ಎಣಿಸ್ರಿ. 120 ಕ್ಲಿಕ್‌ನಾಗ 30 ಮಂದಿ ವಿಚಾರಿಸಿ, 6 ಮಂದಿ ಕೊಂಡಿದ್ರ, ವಿಚಾರಣೆ ಶೇ. 25, ವಿಚಾರಿಸಿದವರಲ್ಲಿ ಕೊಂಡವರು ಶೇ. 20. ಕನ್ವರ್ಶನ್ ಅಂದ್ರ ಮೆಸೇಜಾ, ಮಾರಾಟನಾ ಅನ್ನೋದನ್ನ ವರದಿಯ ಮೊದಲ ಸಾಲಿನಾಗೇ ಬರೀರಿ. ಮಾರಾಟ ಅಂತಾದ್ರ ಕನ್ವರ್ಶನ್ ದರ 6 ÷ 120, ಶೇ. 5.

ಉಳಿದ 24 ಮಂದಿಯ ಚಾಟ್ ಓದ್ರಿ. ರೇಟ್ ಕೇಳಿ ಸುಮ್ಮನಾಗಿದ್ರ ರೇಟನ್ನ ಜಾಹೀರಾತಿನಾಗೇ ಹಾಕಬೇಕು; ಕ್ಲಿಕ್ ಇಳೀತಾವ, ಇಳೀಲಿ ಬಿಡ್ರಿ. "36 ಸೈಜ್ ಐತೇನು" ಅಂತ ಕೇಳಿದವರಿಗೆ ಮರುದಿನ ಉತ್ತರ ಹೋಗಿದ್ರ ತಪ್ಪು ಅಂಗಡಿಯದು, ಜಾಹೀರಾತಿಂದಲ್ಲ.

ಫೋನಿನಾಗ ನೋಡಿ ನೇರ ಅಂಗಡಿಗೆ ಬಂದವರು ಈ 6ರೊಳಗ ಇರಲ್ಲ. ಜಾಹೀರಾತಿನಾಗ ಮಾತ್ರ ಇರೋ ಒಂದು ರಿಯಾಯಿತಿ ಕೋಡ್ ಕೊಟ್ಟು, ಬಿಲ್ಲಿನ ಮೇಲೆ ಬರೆಸಿದ್ರ ಅವರೂ ಲೆಕ್ಕಕ್ಕೆ ಸಿಗತಾರ.